ಮೂಗಿನ ಮೂಳೆ ‘ಬೆಳೆಯೋದಿಲ್ಲ’

"ಮೂಗಿನ ಮೂಳೆ ಬೆಳೆದಿದೆಯಂತೆ, ಆಪರೇಷನ್ ಆಗ್ಬೇಕಂತೆ." ಈ ಮಾತು ನೀವೂ ಕೇಳಿರ್ತೀರಿ. ಅದರ ಬೆನ್ನಿಗೇ ಇನ್ನೊಬ್ಬರು ಹೇಳ್ತಾರೆ, "ಮಾಡಿಸ್ಬೇಡ, ಮತ್ತೆ ಬೆಳೆಯುತ್ತೆ." ಎರಡರಲ್ಲೂ ಇರುವುದು ಒಂದೇ ತಪ್ಪು. ಅಲ್ಲಿ ಬೆಳೆದಿರುವುದು ಏನೂ ಇಲ್ಲ.

ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ, ಸೆಪ್ಟಮ್. ಮುಂದಿನ ಭಾಗ ಮೆದುಮೂಳೆ, ಹಿಂದಿನದು ಗಟ್ಟಿ ಮೂಳೆ. ಈ ಗೋಡೆ ಒಂದು ಕಡೆ ವಾಲಿದರೆ ಅದೇ ಡೀವಿಯೇಟೆಡ್ ನೇಸಲ್ ಸೆಪ್ಟಮ್, ಚಿಕ್ಕದಾಗಿ ಡಿಎನ್‌ಎಸ್. ನಿಜ ಹೇಳಬೇಕೆಂದರೆ ದಾರದ ಹಾಗೆ ನೆಟ್ಟಗಿರುವ ಗೋಡೆಯೇ ಅಪರೂಪ. ಹಾಗಾಗಿ ಸ್ಕ್ಯಾನ್ ರಿಪೋರ್ಟಿನಲ್ಲಿ ಡಿಎನ್‌ಎಸ್ ಅಂತ ಇದೆ ಎಂಬ ಒಂದೇ ಕಾರಣಕ್ಕೆ ಆಪರೇಷನ್‌ಗೆ ಒಪ್ಪಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ನನ್ನ ಕಥೆ ಹೇಳ್ತೀನಿ. ಹೈಸ್ಕೂಲಿನಲ್ಲಿ ಕ್ರಿಕೆಟ್ ಬಾಲ್ ಮೂಗಿಗೆ ಬಡಿದಿತ್ತು. ಆಮೇಲೆ ಎಡ ಹೊಳ್ಳೆ ಯಾವಾಗಲೂ ಕಟ್ಟಿಕೊಂಡೇ ಇರುತ್ತಿತ್ತು. ರಾತ್ರಿ ಬಾಯಲ್ಲಿ ಉಸಿರು, ಬೆಳಿಗ್ಗೆ ಗಂಟಲು ಒಣ. ಜೊತೆಗೆ ಎದ್ದ ತಕ್ಷಣ ಹತ್ತು ಹದಿನೈದು ಸೀನು, ಮೂಗಿನಲ್ಲಿ ನೀರು. ಇದೆಲ್ಲ ಒಂದೇ ಕಾಯಿಲೆ ಅಂದುಕೊಂಡಿದ್ದೆ.

ಡಾಕ್ಟರ್ ಒಂದು ತಣ್ಣನೆಯ ಸ್ಟೀಲ್ ಪಟ್ಟಿಯನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಡಿ ಅಂದರು. ಬಲಗಡೆ ರೂಪಾಯಿ ನಾಣ್ಯದಷ್ಟು ಆವಿ ಕೂತಿತ್ತು. ಎಡಗಡೆ ಒಂದು ಕಡಲೆಕಾಳಿನಷ್ಟು. ಆಮೇಲೆ ಕೇಳಿದ ಪ್ರಶ್ನೆಯೇ ಮುಖ್ಯವಾದದ್ದು: "ಯಾವಾಗಲೂ ಎಡಗಡೆಯೇನಾ, ಇಲ್ಲ ಬದಲಾಗುತ್ತಾ?"

ಯಾಕೆ ಮುಖ್ಯ ಅಂದರೆ, ಎಲ್ಲರ ಮೂಗಿನಲ್ಲೂ ಕೆಲವು ಗಂಟೆಗೊಮ್ಮೆ ಒಂದು ಕಡೆ ಸ್ವಲ್ಪ ಊದಿಕೊಂಡು ಇನ್ನೊಂದು ಕಡೆ ತೆರೆಯುತ್ತೆ. ಅದು ಸಹಜ. ಈಗ ಎಡ, ಆಮೇಲೆ ಬಲ ಅಂತ ಜೋರಾಗಿಯೇ ಕಟ್ಟುತ್ತಿದ್ದರೆ ಅನುಮಾನ ಹೋಗಬೇಕಾದ್ದು ಅಲರ್ಜಿಯ ಊತದ ಮೇಲೆ. ಗೋಡೆ ಜಾಗ ಬದಲಾಯಿಸುವುದಿಲ್ಲವಲ್ಲ. ಇನ್ನೊಂದು ಪರೀಕ್ಷೆ ಇದೆ. ಊತ ಇಳಿಸುವ ಡ್ರಾಪ್ಸ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡುತ್ತಾರೆ. ಚೆನ್ನಾಗಿ ತೆರೆದುಕೊಂಡರೆ ತೊಂದರೆ ಹೆಚ್ಚಾಗಿ ಊತದ್ದು. ಹಾಗೇ ಕಟ್ಟಿಕೊಂಡಿದ್ದರೆ ಗೋಡೆಯದ್ದು ಇರಬಹುದು. ನನ್ನದು ಜಗ್ಗಲಿಲ್ಲ. (ಈ ಡ್ರಾಪ್ಸ್‌ನ್ನು ಮನೆಯಲ್ಲಿ ವಾರಗಟ್ಟಲೆ ಹಾಕಬೇಡಿ. ಆಮೇಲೆ ಅದರಿಂದಲೇ ಮೂಗು ಕಟ್ಟುತ್ತೆ.)

ಹಾಗಾಗಿ ಗೋಡೆ ನೇರ ಮಾಡುವ ಆಪರೇಷನ್, ಅಂದರೆ ಸೆಪ್ಟೋಪ್ಲಾಸ್ಟಿ, ಮಾಡಿಸೋದು ಅಂತಾಯಿತು. ಅದು ಮೂಗು ಕುಯ್ಯೋದು ಅಂತ ಅಮ್ಮ ಅತ್ತಿದ್ದರು. ಹೊರಗೆ ಗಾಯವೇ ಇರುವುದಿಲ್ಲ. ಹೊಳ್ಳೆಯ ಒಳಗೆ ಸಣ್ಣದಾಗಿ ಕತ್ತರಿಸಿ, ಗೋಡೆಯ ಮೇಲಿನ ಪೊರೆಯನ್ನು ಹುಷಾರಾಗಿ ಬಿಡಿಸುತ್ತಾರೆ. ಸೊಟ್ಟಗಿರುವ ತುಂಡನ್ನು ತೆಗೆಯುತ್ತಾರೆ ಅಥವಾ ನೇರ ಮಾಡಿ ಕೂರಿಸುತ್ತಾರೆ. ಪೊರೆಯನ್ನು ಮತ್ತೆ ಹೊಲಿಯುತ್ತಾರೆ. ಮೇಲೆ ಮತ್ತು ಮುಂದೆ ಸುಮಾರು ಒಂದು ಸೆಂಟಿಮೀಟರಿಗಿಂತ ಕಡಿಮೆಯಾಗದ ಅಗಲದ ಮೆದುಮೂಳೆಯ ಪಟ್ಟಿಯನ್ನು ಉಳಿಸಲೇಬೇಕು. ಅದೇ ಮೂಗಿನ ಕಂಬ ಮತ್ತು ತೊಲೆ. ಜಾಸ್ತಿ ತೆಗೆದರೆ ಮೂಗಿನ ಬೆನ್ನು ಕುಸಿಯಬಹುದು. ಎರಡೂ ಕಡೆಯ ಪೊರೆ ಒಂದೇ ಜಾಗದಲ್ಲಿ ಹರಿದರೆ ಗೋಡೆಯಲ್ಲಿ ತೂತು ಉಳಿಯಬಹುದು. ಸಣ್ಣ ತೂತಾದರೆ ಉಸಿರಾಡುವಾಗ ಸಿಳ್ಳೆ ಬರುತ್ತೆ. ಇವು ಅಪರೂಪ, ಆದರೆ ಮೊದಲೇ ಕೇಳಿ ತಿಳಿದುಕೊಳ್ಳಿ.

ಮೊದಲ ವಾರ ನರಕ. ಊತ, ಹೆಪ್ಪುಗಟ್ಟಿದ ರಕ್ತ, ಒಳಗೆ ಗೋಡೆಗೆ ಆಸರೆಯಾಗಿ ಇಟ್ಟ ಸ್ಪ್ಲಿಂಟ್. ಮೂಗು ಮೊದಲಿಗಿಂತ ಜಾಸ್ತಿ ಕಟ್ಟಿತ್ತು. ಸ್ಪ್ಲಿಂಟ್ ತೆಗೆದ ದಿನ ಎಡ ಹೊಳ್ಳೆಯಲ್ಲಿ ತಣ್ಣನೆ ಗಾಳಿ ನುಗ್ಗಿತು ನೋಡಿ, ಕಣ್ಣಲ್ಲಿ ನೀರು ಬಂತು.

ಮೂರನೇ ತಿಂಗಳಲ್ಲಿ ಮತ್ತೆ ಸೀನು ಶುರು. ಡಾಕ್ಟರ್ ಮೋಸ ಮಾಡಿದರು ಅಂತ ಊರೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಗೊತ್ತಾಯಿತು, ನನಗಿದ್ದದ್ದು ಎರಡು ಕಾಯಿಲೆ, ರಿಪೇರಿಯಾಗಿದ್ದು ಒಂದು. ಗೋಡೆ ನೇರ ಮಾಡಿದರೆ ಗಾಳಿಗೆ ದಾರಿ ಸಿಗುತ್ತೆ, ಅಷ್ಟೇ. ಧೂಳಿನ ಅಲರ್ಜಿ ಪೊರೆಯ ಕಾಯಿಲೆ, ಅದು ಎಲ್ಲಿಗೂ ಹೋಗಿರಲಿಲ್ಲ. ಗೋಡೆಯ ಎದುರಿಗಿರುವ ಟರ್ಬಿನೇಟ್ ಎಂಬ ಮಡಿಕೆಗಳು ಅಲರ್ಜಿಯಿಂದ ಮತ್ತೆ ಊದಿಕೊಳ್ಳುತ್ತವೆ. ಜನ "ಮೂಳೆ ಮತ್ತೆ ಬೆಳೀತು" ಅನ್ನುವುದು ಬಹಳ ಸಲ ಇದನ್ನೇ. ಗೊರಕೆಯೂ ಅಷ್ಟೇ, ಸ್ವಲ್ಪ ಕಡಿಮೆಯಾದರೂ ಆಗಬಹುದು. ಆದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆಪ್ನಿಯಾಗೆ ಈ ಆಪರೇಷನ್ ಒಂದೇ ಸಾಲದು. ಅಲ್ಲಿ ಸಾಮಾನ್ಯವಾಗಿ ಮುಚ್ಚಿಕೊಳ್ಳುವುದು ಗಂಟಲು.

ಈಗ ದಿನಾ ಸ್ಟೀರಾಯ್ಡ್ ಸ್ಪ್ರೇ ಹೊಡೀತೀನಿ. ಅದಕ್ಕೂ ಒಂದು ಲೆಕ್ಕ ಇದೆ: ಬಲಗೈಯಲ್ಲಿ ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ, ತುದಿ ಕಿವಿಯ ಕಡೆಗೆ. ನೇರವಾಗಿ ಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರಬಹುದು. ಇದನ್ನು ನನಗೆ ಹೇಳಿಕೊಟ್ಟಿದ್ದು ಆಪರೇಷನ್ ಆಗಿ ಒಂದು ವರ್ಷದ ಮೇಲೆ, ಸುಮ್ನೆ ತಪಾಸಣೆಗೆ ಹೋದಾಗ.