ಕಕ್ಕಡದ ಸಂಜೆ ಐದು ಗಂಟೆಯ ಸ್ವಾಗತ ಕೌಂಟರ್

ನಮಸ್ಕಾರ. ಕೊಡಗಿನಲ್ಲಿ ಹೋಂಸ್ಟೇ ಕಟ್ಟುವವರಿಗೆ, ಗೋಡೆ ಏಳುವ ಮೊದಲೇ ಒಳಾಂಗಣ ಹೇಗೆ ಕಾಣುತ್ತದೆ ಎಂಬ ಚಿತ್ರವನ್ನು, ಅಂದರೆ ರೆಂಡರ್ ಅನ್ನು, ಮಾಡಿಕೊಡುವುದು ನನ್ನ ವೃತ್ತಿ. ಇಂದು ಒಂದೇ ಕೋಣೆಯ ಬಗ್ಗೆ ಮಾತನಾಡುತ್ತೇನೆ. ಅದು ಅತಿಥಿ ಬಂದು ಚೀಲ ಇಳಿಸಿ ಹೆಸರು ಬರೆಯುವ ಸಣ್ಣ ಸ್ವಾಗತ ಕೋಣೆ. ಅದರ ರೆಂಡರ್ ಅನ್ನು ಬಿಸಿಲಿನ ಸಂಜೆಗೆ ಮಾಡಬಾರದು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಕಕ್ಕಡ ತಿಂಗಳ ಮಳೆಯ ಸಂಜೆಗೆ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ನನ್ನದೇ ತಪ್ಪಿನಿಂದ.

ನಾಪೋಕ್ಲು ಕಡೆಯ ಒಂದು ಕಾಫಿ ತೋಟದ ಮನೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಮುಂದೆ ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯ ಕಯ್ಯಾಲೆಯನ್ನು ನೆನಪಿಸುವ ಆಳವಾದ ಜಗಲಿ, ಒಂದೇ ಕಿಟಕಿ. ಆರು ಅಡಿ ಉದ್ದ, ಎರಡು ಅಡಿ ಅಗಲದ ಕಲ್ಲಿನ ಕೌಂಟರ್, ಅದರ ಹಿಂದಿನ ಗೋಡೆಗೆ ಕೈಮಗ್ಗದ ಕಡುಗೆಂಪು ಹತ್ತಿ ಬಟ್ಟೆ, ಮೇಲೆ ಮೂರು ದೀಪ. ಬಟ್ಟೆಯ ಕೆಂಪು, ಕೊಡವರು ಸೊಂಟಕ್ಕೆ ಕಟ್ಟುವ ಚೇಲೆಯ ಕೆಂಪಿಗೆ ಹತ್ತಿರವಿರಬೇಕು ಎಂಬುದು ಮನೆಯೊಡತಿಯ ಆಸೆಯಾಗಿತ್ತು. ನಾನು ಕಿಟಕಿಯಿಂದ ಹೊಂಬಿಸಿಲು ಬರುವ ಹಾಗೆ ಚಿತ್ರ ಮಾಡಿದೆ, ಅದು ಎಲ್ಲರಿಗೂ ಹಿಡಿಸಿತು, ಅದರಂತೆಯೇ ಕೋಣೆ ಸಿದ್ಧವಾಯಿತು. ಜುಲೈ ಕೊನೆಯಲ್ಲಿ ಫೋನ್ ಬಂತು. "ನೀವೇ ಒಮ್ಮೆ ಬಂದು ನೋಡಿ. ಬಟ್ಟೆ ಕಂದಾಗಿ ಕಾಣುತ್ತಿದೆ, ಕಲ್ಲಿನ ಮೇಲೆ ಕಲೆ ಬಿದ್ದಿದೆ, ಬಂದವರು ಹೆಸರು ಬರೆಯಲು ಮೊಬೈಲ್ ಟಾರ್ಚ್ ಹಾಕಿಕೊಳ್ಳುತ್ತಿದ್ದಾರೆ" ಎಂದರು.

ಸಂಜೆ ಐದಕ್ಕೆ ಹೋದೆ. ಹೊರಗೆ ಸುರಿಯುತ್ತಿತ್ತು. ದೀಪ ಆರಿಸಿ ಕೌಂಟರ್ ಮೇಲೆ ಬೆಳಕಿನ ಮಾಪಕ ಇಟ್ಟರೆ ಮೂವತ್ತು ಲಕ್ಸ್ ಕೂಡ ಇರಲಿಲ್ಲ. ಹೆಸರು ಬರೆಯುವ ಇಂಥ ಸ್ವಾಗತ ಕೌಂಟರಿಗೆ ಸುಮಾರು ಮುನ್ನೂರು ಲಕ್ಸ್ ಬೇಕು. ನನ್ನ ಚಿತ್ರದಲ್ಲಿ ಬಿಸಿಲೇ ಎಲ್ಲ ಕೆಲಸವನ್ನೂ ಮಾಡಿತ್ತು, ದೀಪಗಳು ಅಲಂಕಾರಕ್ಕಷ್ಟೇ ಉರಿದಿದ್ದವು.

ಅದಕ್ಕಿಂತ ದೊಡ್ಡ ತಪ್ಪು ದೀಪದ ಅಂಕಿಯಲ್ಲಿತ್ತು. ನಾನು ರೆಂಡರ್ ಮಾಡಲು ಬಳಸುವ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ದೀಪಕ್ಕೆ ವ್ಯಾಟ್ ಎಂದು ಕೊಡುವ ಅಂಕಿ, ಬಲ್ಬಿನ ಡಬ್ಬಿಯ ಮೇಲೆ ಬರೆದಿರುವ ವಿದ್ಯುತ್ತಿನ ವ್ಯಾಟ್ ಅಲ್ಲ, ಹೊರಬರುವ ಬೆಳಕಿನ ಶಕ್ತಿ. ಅಂಗಡಿಯಲ್ಲಿ ಸಿಗುವ, ಸುಮಾರು 800 ಲ್ಯೂಮೆನ್ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಅಲ್ಲಿ ಹಾಕಬೇಕಾದದ್ದು ಸುಮಾರು 2. ನಾನು 9 ಎಂದು ಹಾಕಿದ್ದೆ, ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು ಬೆಳಕನ್ನು ಸುಳ್ಳಾಗಿ ತುಂಬಿದ್ದೆ. ಚಿತ್ರ ತೀರಾ ಬೆಳ್ಳಗಾದಾಗ ಎಕ್ಸ್‌ಪೋಶರ್ ಇಳಿಸಿ ಸರಿಮಾಡಿದ್ದರಿಂದ ಆ ಸುಳ್ಳು ಕಣ್ಣಿಗೆ ಬೀಳಲಿಲ್ಲ. ಈಗ ನಾನು ಎಕ್ಸ್‌ಪೋಶರ್ ಅನ್ನು ಒಮ್ಮೆ ನಿಗದಿ ಮಾಡಿದರೆ ಮತ್ತೆ ಮುಟ್ಟುವುದಿಲ್ಲ. ಚಿತ್ರ ಕತ್ತಲಾಗಿ ಬಂದರೆ ಕೋಣೆಯೇ ಕತ್ತಲಾಗಿದೆ ಎಂದು ಅರ್ಥ, ದೀಪವನ್ನೇ ಬದಲಿಸಬೇಕು.

ಕಾಗದದ ಮೇಲಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಕೋಣೆಯ ನೆಲ ಸುಮಾರು ಹನ್ನೊಂದು ಚದರ ಮೀಟರ್. ಸೂರಿಗೆ ಹಾಕಿದ ಎರಡು ಬಲ್ಬುಗಳ 1600 ಲ್ಯೂಮೆನ್‌ನಲ್ಲಿ ಅರ್ಧದಷ್ಟು, ಮರದ ಸೂರು ಮತ್ತು ಕೆಂಪು ಬಟ್ಟೆ ನುಂಗಿ ಉಳಿದದ್ದು, ಕೆಳಗೆ ತಲುಪಿದರೆ ಸರಾಸರಿ ಎಪ್ಪತ್ತು ಲಕ್ಸ್ ಆಗುತ್ತದೆ. ಕುಳಿತು ಮಾತನಾಡಲು ಅದು ಹಿತವಾದ ಬೆಳಕು, ಗುರುತಿನ ಚೀಟಿ ಓದಲು ಸಾಲದು. ಮೂರನೆಯ ದೀಪವನ್ನು ಕೌಂಟರಿನಿಂದ ಎರಡೂವರೆ ಅಡಿ ಎತ್ತರಕ್ಕೆ ಇಳಿಸಿ, ಕೆಳಭಾಗ ತೆರೆದಿರುವ ಬಟ್ಟೆಯ ಮರೆ ಕಟ್ಟಿದೆವು. ಬರೆಯುವ ಜಾಗದಲ್ಲಿ ಮುನ್ನೂರರ ಹತ್ತಿರ ಬಂತು, ಕೋಣೆಯ ಉಳಿದ ಭಾಗ ಮಬ್ಬಾಗಿಯೇ ಉಳಿಯಿತು. ಐನ್‌ಮನೆಯ ನೆಲ್ಲಕ್ಕಿ ಎಂಬ ನಡುಮನೆಯಲ್ಲಿ ತೂಗುದೀಪದ ಸುತ್ತ ಮಾತ್ರ ಬೆಳಕಿದ್ದು ಮೂಲೆಗಳು ನೆರಳಿನಲ್ಲಿರುತ್ತವೆಯಲ್ಲ, ನನಗೆ ಬೆಚ್ಚಗಿನ ಬೆಳಕು ಎಂದರೆ ಅದೇ. ಎಲ್ಲ ಕಡೆಯೂ ಸಮನಾಗಿ ಹಳದಿ ಬಳಿದ ಕೋಣೆ ಬೆಚ್ಚಗೆ ಕಾಣುವುದಿಲ್ಲ, ಮಂಕಾಗಿ ಕಾಣುತ್ತದೆ.

ಇನ್ನು ಬಟ್ಟೆಯ ವಿಷಯ. ಇಲ್ಲಿ ರೆಂಡರ್‌ಗೇ ಒಂದು ಮಿತಿ ಇದೆ, ಅದನ್ನು ಗಿರಾಕಿಗೆ ಮೊದಲೇ ಹೇಳುವುದು ನಮ್ಮ ಕರ್ತವ್ಯ. ನಾವು ಬಳಸುವ ಹೆಚ್ಚಿನ ತಂತ್ರಾಂಶಗಳು ಬೆಳಕನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಾಗಿ ಲೆಕ್ಕ ಹಾಕುತ್ತವೆ. ನಿಜವಾದ ಎಲ್‌ಇಡಿಯಲ್ಲಿ ಬೆಳಕಿನ ಪಟ್ಟಿಯ ಕಡುಗೆಂಪು ಭಾಗ ಎಷ್ಟು ಕಡಿಮೆ ಇದೆ ಎಂಬುದು ಆ ಮೂರು ಅಂಕಿಗಳಲ್ಲಿ ಕಾಣುವುದಿಲ್ಲ. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ ಸಿಆರ್‌ಐ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ 80 ಎಂದಿದ್ದರೆ ಅದು ಎಂಟು ತಿಳಿಬಣ್ಣಗಳ ಸರಾಸರಿ. ಕಡುಗೆಂಪಿನ ಅಳತೆಯಾದ R9 ಆ ಎಂಟರಲ್ಲಿ ಸೇರಿಯೇ ಇಲ್ಲ. ಆದ್ದರಿಂದ 2700 ಕೆಲ್ವಿನ್‌ನ ಅಗ್ಗದ ಬಲ್ಬಿನಡಿ ಕೋಣೆ ಹೊನ್ನಿನ ಹಾಗಿದ್ದರೂ ಚೇಲೆಯಂಥ ಕೆಂಪು ಕಂದಾಗಿಬಿಡುತ್ತದೆ. ಅಲ್ಲಿ ಆದದ್ದು ಅದೇ. ಅದೇ 2700ರ, ಸಿಆರ್‌ಐ 90ರ ಬಲ್ಬನ್ನು ಹಾಕಿದಾಗ, ಬಟ್ಟೆಯನ್ನು ಬದಲಿಸದೆಯೇ, ಕೆಂಪು ಮರಳಿತು. ಅಂದಿನಿಂದ ಬಟ್ಟೆಯ ತುಂಡನ್ನೂ ಕೊಳ್ಳಲಿರುವ ಬಲ್ಬನ್ನೂ ಒಂದೇ ರಾತ್ರಿ ಮೇಜಿನ ಮೇಲಿಟ್ಟು ನೋಡದೆ ನಾನು ಬಣ್ಣ ಒಪ್ಪಿಸುವುದಿಲ್ಲ.

ನೇಯ್ಗೆಯ ಬಗ್ಗೆಯೂ ಒಂದು ಮಾತು. ಜಾಲತಾಣದಿಂದ ಇಳಿಸಿಕೊಂಡ ಬಟ್ಟೆಯ ಚಿತ್ರವನ್ನು ಗೋಡೆಯಗಲ ಹರಡಿದರೆ ಒಂದೇ ದಪ್ಪ ಎಳೆ ಅಡಿಗೊಮ್ಮೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ, ಕಣ್ಣಿಗೆ ಅದು ತಕ್ಷಣ ಯಂತ್ರದ ಬಟ್ಟೆಯಾಗುತ್ತದೆ. ಕೈಮಗ್ಗದಲ್ಲಿ ನೇಕಾರನ ಕೈ ಬಿಗಿದಲ್ಲಿ ಹೊಕ್ಕಿನ ಅಡ್ಡ ಎಳೆ ಒತ್ತಾಗುತ್ತದೆ, ಸಡಿಲಿಸಿದಲ್ಲಿ ತೆಳುವಾಗುತ್ತದೆ, ಅಂಚು ಒಂದೆರಡು ಎಳೆಯಷ್ಟು ಒಳಗೆ ಸರಿಯುತ್ತದೆ. ಕೊಳ್ಳುವ ಬಟ್ಟೆಯನ್ನೇ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೂರು ಅಡಿಯಷ್ಟಾದರೂ ಫೋಟೋ ತೆಗೆದು ಬಳಸಿದರೆ ಎಳೆಯ ಗಾತ್ರವೂ ತಪ್ಪುವುದಿಲ್ಲ.

ಕೊನೆಗೆ ಕಲ್ಲು. ಕನ್ನಡಿಯಂತೆ ಹೊಳೆಯುವ ಕಪ್ಪು ಕಡಪ ಕಲ್ಲು ನನ್ನ ಚಿತ್ರದಲ್ಲಿ ಬಹಳ ಚೆನ್ನಾಗಿ ಕಂಡಿತ್ತು. ಆದರೆ ಕಡಪ ಸುಣ್ಣದ ಕಲ್ಲು, ಅದಕ್ಕೆ ಹುಳಿ ಆಗದು. ಆ ಮನೆಯಲ್ಲಿ ಬಂದವರಿಗೆ ಮೊದಲು ಕೊಡುವುದೇ ಕಿತ್ತಳೆ ರಸ. ಲೋಟದ ತಳ ಕೂತಲ್ಲೆಲ್ಲ ಹೊಳಪು ಹೋಗಿ ಬೂದು ಬಳೆಗಳು ಮೂಡಿದ್ದವು. ಅವು ಒರೆಸಿದರೆ ಹೋಗುವ ಕಲೆಗಳಲ್ಲ, ಮೇಲ್ಮೈಯೇ ಸವೆದಿರುತ್ತದೆ. ಅಂಗಡಿಯಿಂದ ತಂದ ತುಂಡಿನ ಮೇಲೆ ನಿಂಬೆರಸದ ಹನಿ ಬಿಟ್ಟು ಹತ್ತು ನಿಮಿಷ ಕಾದಿದ್ದರೆ ಇದು ತಿಳಿಯುತ್ತಿತ್ತು. ಗ್ರಾನೈಟ್ ಇದಕ್ಕೆ ಬಗ್ಗುವುದಿಲ್ಲ. ಈಗ ಅಲ್ಲಿರುವುದು ಕನ್ನಡಿ ಹೊಳಪಿಲ್ಲದ ಲೆದರ್ ಫಿನಿಶ್ ಮಾಡಿದ, 20 ಮಿಲಿಮೀಟರ್ ದಪ್ಪದ ಬೂದು ಗ್ರಾನೈಟ್. ಹನ್ನೆರಡು ಚದರ ಅಡಿಗೆ ಅರವತ್ತು ಕಿಲೋ ತೂಗುತ್ತದೆ, ಆದ್ದರಿಂದ ಬರೀ ಪ್ಲೈವುಡ್ ಪೆಟ್ಟಿಗೆಯ ಬದಲು ಕೆಳಗೆ ಇಟ್ಟಿಗೆ ಕಟ್ಟಿಸಿದೆವು.

ಹೊಸ ಚಿತ್ರದಲ್ಲಿ ಆ ಕಲ್ಲಿನ Roughness, ಅಂದರೆ ಮೇಲ್ಮೈಯ ಒರಟುತನದ ಅಂಕಿಯನ್ನು, 0.05ರಿಂದ 0.4ಕ್ಕೆ ಏರಿಸಿದ್ದೇನೆ, ಕಿಟಕಿಯಾಚೆ ಮೋಡ ಕವಿದ ನೀಲಿ ಬೆಳಕು ಮಾತ್ರ ಇದೆ. ಮೊದಲ ಚಿತ್ರದಲ್ಲಿ ಬಲ್ಬಿನ ಉರಿಚುಕ್ಕೆ ಕಲ್ಲಿನಿಂದ ಚಿಮ್ಮಿ ಕಣ್ಣಿಗೆ ಹೊಡೆಯುತ್ತಿದ್ದ ಜಾಗದಲ್ಲಿ ಈಗ ಅಂಗೈಯಗಲದ ಮೆತ್ತನೆಯ ಹೊಳಪು ಹರಡಿದೆ, ತೆರೆದ ರಿಜಿಸ್ಟರ್ ಪುಸ್ತಕ ಆ ಹೊಳಪಿನ ಪಕ್ಕದಲ್ಲಿದೆ, ಅದರ ಗೆರೆಗಳನ್ನು ಎಣಿಸಬಹುದು. ಮನೆಯೊಡತಿ ಅದನ್ನು ಮೊಬೈಲಿನಲ್ಲಿ ನೋಡಿ, ತಲೆಯೆತ್ತಿ ಕೋಣೆಯನ್ನು ನೋಡಿ, "ಹೌದು, ಇದು ನಮ್ಮ ಕೋಣೆ" ಎಂದರು.