ಹೆಸರು ಗೊತ್ತಿಲ್ಲವೇ? ‘ಮಾನ್ಯರೇ’ ಎನ್ನಿ

ನಮಸ್ಕಾರ. ಮಗಳ ಟಿಸಿ ಬೇಕು, ಶಾಲೆಗೆ ಪತ್ರ ಬರೆಯಬೇಕು. ಅಲ್ಲಿ ಮುಖ್ಯಸ್ಥರು ಗಂಡಸೋ ಹೆಂಗಸೋ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಬಹಳ ಜನ ಕಣ್ಣುಮುಚ್ಚಿ ‘ಡಿಯರ್ ಸರ್’ ಅಂತಲೋ ‘ಸರ್/ಮೇಡಂ’ ಅಂತಲೋ ಬರೆದುಬಿಡುತ್ತಾರೆ. ಮೊದಲನೆಯದು ಬರೀ ಊಹೆ. ಎರಡನೆಯದು ಅರ್ಧ ತುಂಬಿದ ಅರ್ಜಿ ಫಾರಂ ಥರ ಕಾಣುತ್ತದೆ.

ಕನ್ನಡದಲ್ಲಿ ಈ ಪೇಚಾಟವೇ ಬೇಕಿಲ್ಲ. ‘ಬಂದನು’, ‘ಬಂದಳು’ ಅಂದಾಗ ಗಂಡೋ ಹೆಣ್ಣೋ ಹೇಳಲೇಬೇಕು. ‘ಬಂದರು’ ಅಂದರೆ ಹೇಳಬೇಕಿಲ್ಲ, ಗೌರವವೂ ಅದರಲ್ಲೇ ಬಂತು. ‘ಮಾನ್ಯರೇ’ ಅನ್ನುವುದು ಕೆಲಸ ಮಾಡುವುದು ಇದೇ ‘ಅರು’ ಬಲದಿಂದ. ‘ಮಹನೀಯರೇ’ ಬೇಡ ಅಂತೀನಿ. ವೇದಿಕೆಯಲ್ಲಿ ‘ಮಹಿಳೆಯರೇ ಮತ್ತು ಮಹನೀಯರೇ’ ಎಂದು ಕೇಳಿ ಕೇಳಿ, ಅದು ಗಂಡಸರಿಗೇ ಮೀಸಲು ಅನ್ನಿಸುತ್ತದೆ.

ಇನ್ನು ಟಿಸಿ ಪತ್ರ. ‘ಗೆ’ ಅಂತ ಬರೆದು, ಕೆಳಗೆ ‘ಮುಖ್ಯ ಶಿಕ್ಷಕರು’, ಅದರ ಕೆಳಗೆ ಶಾಲೆಯ ಹೆಸರು, ಊರು. ‘ಮುಖ್ಯೋಪಾಧ್ಯಾಯಿನಿ’ ಅಂತ ಬರೆದರೆ ಹೆಣ್ಣೆಂದು ಗೆರೆ ಎಳೆದಂತೆ. ಆಮೇಲೆ ‘ಮಾನ್ಯರೇ’, ನಂತರ ವಿಷಯ. ಒಳಗೆ ‘ತಾವು’ ಅಂತ ಶುರುಮಾಡಿದರೆ ಕೊನೆಯವರೆಗೂ ‘ತಾವು’. ಎಡವುವುದು ಇಲ್ಲೇ: ಮೊದಲ ಸಾಲಲ್ಲಿ ‘ತಮ್ಮ ಶಾಲೆಯಲ್ಲಿ’, ನಾಲ್ಕನೇ ಸಾಲಲ್ಲಿ ‘ನಿಮ್ಮ ಕಚೇರಿಯಿಂದ’. ಬೇರೆ ಬೇರೆ ಕಡೆಯಿಂದ ನಕಲು ಮಾಡಿ ಜೋಡಿಸಿದ್ದಾರೆ ಅಂತ ಓದುವವರಿಗೆ ತಕ್ಷಣ ತಿಳಿಯುತ್ತದೆ. ಹಿರಿಯರೋ ಕಿರಿಯರೋ ಗೊತ್ತಿಲ್ಲದಾಗ ‘ತಾವು’ ಎಂದೂ ತಪ್ಪಲ್ಲ.

ಹೆಸರು ಗೊತ್ತಿದ್ದರೂ ಗೊಂದಲ ತಪ್ಪಿದ್ದಲ್ಲ. ಕಿರಣ್, ಸುಮನ್, ಶಶಿ: ಯಾರೂ ಆಗಿರಬಹುದು. ‘ಶ್ರೀ’ ಹಚ್ಚಬೇಡಿ, ‘ಸುಮನ್ ಅವರಿಗೆ ನಮಸ್ಕಾರ’ ಅನ್ನಿ. ‘ಅವರು’ ಇದ್ದ ಮೇಲೆ ಮುಂದೆ ಬೇರೇನೂ ಬೇಡ. ಮದುವೆಯಾಗಿದೆಯೋ ಇಲ್ಲವೋ ಎಂಬ ‘ಶ್ರೀಮತಿ’, ‘ಕುಮಾರಿ’ ತಕರಾರೂ ಅಲ್ಲಿಗೇ ತೀರಿತು.

ಇಂಗ್ಲಿಷ್ ಮೇಲ್ ಬರೆಯುವಾಗ ಬೇರೆ ಎರಡು ಗುಂಡಿಗಳಿವೆ. ಒಂದು, ನಮ್ಮ ಇನಿಷಿಯಲ್. ‘ಎಚ್. ಎನ್. ಸುಮನ್’ ಅಂದರೆ ಎಚ್ ಊರಿನದು, ಎನ್ ತಂದೆಯದು ಇರಬಹುದು. ಪಟ್ಟಿಯಿಂದ ಮೊದಲ ಪದ ಎತ್ತಿ ಕಳಿಸಿದರೆ ‘ಡಿಯರ್ ಎಚ್’ ಅಂತ ಹೋಗುತ್ತದೆ. ಇನ್ನೊಂದು, ಕೊನೆಯ ‘ಎ’ ಅಕ್ಷರ. ಹರ್ಷ, ರಾಘವೇಂದ್ರ ಎಂಬ ಹೆಸರುಗಳನ್ನು ಹೊರದೇಶದವರು ಹೆಣ್ಣೆಂದು ಓದುವುದುಂಟು, ‘ಮಿಸ್ ರಾಘವೇಂದ್ರ’ ಎನ್ನುವುದುಂಟು. ಆ ಕಡೆಯವರ ಸಹಿಯಲ್ಲಿ ಹೆಸರು ಹೇಗಿದೆಯೋ ಹಾಗೇ, ‘ಡಿಯರ್ ಎಚ್. ಎನ್. ಸುಮನ್’ ಎಂದು ಪೂರ್ತಿ ಬರೆದರೆ ಎರಡೂ ತಪ್ಪುತ್ತವೆ. ಅವರು ಉತ್ತರದಲ್ಲಿ ಬರೀ ‘ಸುಮನ್’ ಅಂತ ಸಹಿ ಮಾಡಿದರೆ, ಮುಂದಿನ ಮೇಲ್‌ನಲ್ಲಿ ನೀವೂ ‘ಡಿಯರ್ ಸುಮನ್’ ಅನ್ನಬಹುದು.