ಫ್ಲೈಟ್ ಟಿಕೆಟ್ ದಿನಾಂಕ ಬದಲಿಸೋ ಮುಂಚೆ ಈ ಲೆಕ್ಕ ಹಾಕಿ

[ಪರದೆಯಲ್ಲಿ: ಏರ್‌ಲೈನ್ ಆ್ಯಪ್‌ನ ಬುಕಿಂಗ್ ಪುಟ. ದಿನಾಂಕ ಬದಲಿಸುವ ಬಟನ್ ಮೇಲೆ ಬೆರಳು ನಿಂತಿದೆ.]

ಈ ಬಟನ್ ಒತ್ತಿದ ಮೇಲೆ ಆ್ಯಪ್ ನಿಮಗೆ ಒಂದೇ ಒಂದು ಮೊತ್ತ ತೋರಿಸುತ್ತೆ, ಇಷ್ಟು ಕಟ್ಟಿ ಅಂತ. ಅದರೊಳಗೆ ಎರಡು ಬೇರೆ ಬೇರೆ ಹಣ ಸೇರಿಕೊಂಡಿರುತ್ತೆ. ಒಂದು ಬದಲಾವಣೆ ಶುಲ್ಕ. ಇದನ್ನು ಏರ್‌ಲೈನ್ ತನ್ನ ನಿಯಮದ ಪ್ರಕಾರ ಪ್ರತಿ ಪ್ರಯಾಣಿಕರಿಗೆ, ಪ್ರತಿ ಸೆಕ್ಟರ್‌ಗೆ, ಅಂದ್ರೆ ಒಂದು ಊರಿಂದ ಇನ್ನೊಂದು ಊರಿಗೆ ಹೋಗೋ ಒಂದೊಂದು ಪಯಣಕ್ಕೂ ಹಾಕುತ್ತೆ. ಇನ್ನೊಂದು ದರ ವ್ಯತ್ಯಾಸ, ಅಂದ್ರೆ ನೀವು ಕೊಂಡಿದ್ದ ದರಕ್ಕೂ ಹೊಸ ದಿನದ ಇವತ್ತಿನ ದರಕ್ಕೂ ಇರೋ ಅಂತರ. ಈ ಎರಡನ್ನೂ ಬಿಡಿಸಿ ನೋಡದೇ ಹೋದ್ರೆ, ಬದಲಿಸೋದು ಲಾಭವೋ ರದ್ದು ಮಾಡಿ ಹೊಸದು ಕೊಳ್ಳೋದು ಲಾಭವೋ ಅಂತ ಗೊತ್ತಾಗೋದೇ ಇಲ್ಲ.

ಭಾರತದೊಳಗಿನ ಎಕಾನಮಿ ಟಿಕೆಟ್ ಒಂದನ್ನು ತಗೊಂಡು ಪೂರ್ತಿ ಲೆಕ್ಕ ಮಾಡೋಣ. ಇಲ್ಲಿ ಬರೋ ದರ, ಶುಲ್ಕ ಎಲ್ಲ ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡಿರೋ ಅಂಕಿಗಳು. ನಿಮ್ಮ ಟಿಕೆಟ್‌ನ ಅಂಕಿ ನಿಮ್ಮ ಬುಕಿಂಗ್ ಪುಟದಲ್ಲೇ ಸಿಗುತ್ತೆ, ಲೆಕ್ಕದ ದಾರಿ ಮಾತ್ರ ಇದೇ.

[ಪರದೆಯಲ್ಲಿ: ಬೆಂಗಳೂರು – ದೆಹಲಿ, ಶುಕ್ರವಾರ, ಒಬ್ಬರಿಗೆ ₹5,400]

ಅಪ್ಪ ಅಮ್ಮನಿಗೆ ಬೆಂಗಳೂರಿಂದ ದೆಹಲಿಗೆ ಶುಕ್ರವಾರದ ಟಿಕೆಟ್ ಆಗಿದೆ, ತಲಾ 5,400 ರೂಪಾಯಿ. ಹೊರಡೋದು ಈಗ ಭಾನುವಾರಕ್ಕೆ ಹೋಗಿದೆ. ಅದೇ ಏರ್‌ಲೈನ್‌ನಲ್ಲಿ ಭಾನುವಾರದ ದರ 6,900. ಬದಲಾವಣೆ ಶುಲ್ಕ 3,000. ಅಂತರ 1,500 ಆಯ್ತು. ಹಾಗಾಗಿ ಬದಲಿಸೋಕೆ ಒಬ್ಬರಿಗೆ 4,500 ಕೈಯಿಂದ ಹೋಗುತ್ತೆ.

ಬಹಳ ಜನ ಇಲ್ಲಿಗೇ ನಿಂತುಬಿಡ್ತಾರೆ. ಆದ್ರೆ 4,500 ಜಾಸ್ತಿನಾ ಕಮ್ಮಿನಾ ಅಂತ ಹೇಳೋಕೆ ಎದುರಿಗೆ ಇನ್ನೊಂದು ಮೊತ್ತ ಇರಬೇಕು: ಇದೇ ಟಿಕೆಟ್ ರದ್ದು ಮಾಡಿ ಹೊಸದು ಕೊಂಡ್ರೆ ಇವತ್ತಿಂದ ಎಷ್ಟು ಖರ್ಚು?

ರದ್ದತಿ ಶುಲ್ಕ 3,500 ಅಂತ ಇಟ್ಟುಕೊಳ್ಳಿ. 5,400ರಲ್ಲಿ 1,900 ವಾಪಸ್ ಬರುತ್ತೆ. ಹೊಸ ಟಿಕೆಟ್ 6,900, ಅದರ ಮೇಲೆ ಬುಕಿಂಗ್ ಮಾಡುವಾಗ ಹಾಕೋ ಕನ್ವೀನಿಯೆನ್ಸ್ ಫೀ 350. ಒಟ್ಟು 7,250 ಕೊಟ್ಟು 1,900 ವಾಪಸ್ ಪಡೀತೀರಿ. ನಿಜವಾದ ಖರ್ಚು 5,350. ಬದಲಿಸಿದ್ರೆ 4,500. ಇಲ್ಲಿ ಬದಲಿಸೋದೇ ಸರಿ.

ಬೇರೆ ಏರ್‌ಲೈನ್‌ನಲ್ಲಿ ಭಾನುವಾರಕ್ಕೆ 6,100ಕ್ಕೆ ಸಿಗ್ತಿದೆ ಅಂತಾದ್ರೆ? 6,100ಕ್ಕೆ 350 ಸೇರಿಸಿ, ವಾಪಸ್ ಬರೋ 1,900 ಕಳೆದ್ರೆ 4,550. ಬದಲಿಸೋದಕ್ಕಿಂತ ಬರೀ 50 ರೂಪಾಯಿ ಜಾಸ್ತಿ. ಹೊರಗಿಂದ ನೋಡಿದಾಗ 800 ರೂಪಾಯಿ ಅಗ್ಗ ಅಂತ ಕಂಡ ಟಿಕೆಟ್, ಲೆಕ್ಕಕ್ಕೆ ಕೂತಾಗ ಅಗ್ಗ ಅಲ್ಲವೇ ಅಲ್ಲ. ಕನ್ವೀನಿಯೆನ್ಸ್ ಫೀ ಹಲವು ಸಲ ಪಾವತಿಯ ಕೊನೆ ಪುಟದಲ್ಲಿ ಮಾತ್ರ ಕಾಣೋದರಿಂದ, ಹೋಲಿಸುವಾಗ ಆ ಪುಟದವರೆಗೂ ಹೋಗಿ ನೋಡಲೇಬೇಕು.

[ಪರದೆಯಲ್ಲಿ ಎರಡು ಸಾಲು:
ಬದಲಿಸಿದರೆ = ಬದಲಾವಣೆ ಶುಲ್ಕ + ದರ ವ್ಯತ್ಯಾಸ
ರದ್ದು ಮಾಡಿದರೆ = ಹೊಸ ಟಿಕೆಟ್‌ನ ಪೂರ್ತಿ ಹಣ − ವಾಪಸ್ ಬರುವ ಹಣ]

ಈಗ ಹೊಸ ದಿನದ ದರ ಕಮ್ಮಿ ಇದ್ದಾಗ ಏನಾಗುತ್ತೆ ನೋಡಿ. ಭಾನುವಾರದ ಬದಲು ಮುಂದಿನ ಮಂಗಳವಾರ ಹೋದ್ರೂ ಆಗುತ್ತೆ, ಅವತ್ತಿನ ದರ 4,200 ಅಂದುಕೊಳ್ಳಿ. ನೀವು ಕೊಟ್ಟಿದ್ದಕ್ಕಿಂತ 1,200 ಕಮ್ಮಿ. ಈ 1,200 ವಾಪಸ್ ಬರುತ್ತೆ ಅಂತ ಅನ್ನಿಸೋದು ಸಹಜ. ಆದ್ರೆ ಸಾಮಾನ್ಯವಾಗಿ ಬರಲ್ಲ. ದರ ಏರಿದ್ರೆ ವ್ಯತ್ಯಾಸ ನೀವು ಕಟ್ಟಬೇಕು, ಇಳಿದ್ರೆ ವ್ಯತ್ಯಾಸ ಸೊನ್ನೆ ಅಂತ ಲೆಕ್ಕ. ಹಾಗಾಗಿ ಬದಲಿಸೋ ಖರ್ಚು ಪೂರ್ತಿ 3,000.

ರದ್ದು ಮಾಡಿದ್ರೆ? 4,200ಕ್ಕೆ 350 ಸೇರಿ 4,550, ಅದರಲ್ಲಿ ವಾಪಸ್ ಬರೋ 1,900 ಕಳೆದ್ರೆ 2,650. ಈ ಸಲ ರದ್ದು ಮಾಡೋದು 350 ರೂಪಾಯಿ ಅಗ್ಗ. ಅದೇ ಟಿಕೆಟ್, ಅದೇ ಶುಲ್ಕ. ಹೊಸ ದಿನದ ದರ ಮಾತ್ರ ಇಳಿದಿದೆ, ಅಷ್ಟಕ್ಕೇ ಉತ್ತರ ತಿರುಗಿಬಿಡ್ತು. ದಿನ ಸ್ವಲ್ಪ ಹಿಂದೆ ಮುಂದೆ ಆದ್ರೂ ನಡೆಯುತ್ತೆ ಅನ್ನೋರು ಈ ಲೆಕ್ಕವನ್ನು ಪ್ರತಿ ದಿನಾಂಕಕ್ಕೂ ಬೇರೆಯಾಗಿ ಮಾಡಬೇಕು.

[ಪರದೆಯಲ್ಲಿ: ದರದ ವಿವರ – ಮೂಲ ದರ, ಇಂಧನ ಸರ್‌ಚಾರ್ಜ್, ವಿಮಾನ ನಿಲ್ದಾಣದ ಶುಲ್ಕಗಳು, ಜಿಎಸ್‌ಟಿ]

ಇನ್ನೊಂದು ಸಂದರ್ಭ ಇದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ: ಆಫರ್‌ನಲ್ಲಿ ಅಗ್ಗಕ್ಕೆ ಕೊಂಡ ಟಿಕೆಟ್. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ ರದ್ದತಿ ಶುಲ್ಕಕ್ಕೆ ಒಂದು ಮಿತಿ ಇದೆ. ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಎರಡೂ ಸೇರಿ ಎಷ್ಟಾಗುತ್ತೋ ಅದಕ್ಕಿಂತ ಹೆಚ್ಚು ಹಿಡಿಯೋ ಹಾಗಿಲ್ಲ. ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ, ಇವನ್ನೆಲ್ಲ ವಾಪಸ್ ಕೊಡಲೇಬೇಕು. ಮರುಪಾವತಿ ಇಲ್ಲ ಅಂತ ಬರೆದಿರೋ ಟಿಕೆಟ್‌ಗೂ ಇದು ಅನ್ವಯಿಸುತ್ತೆ. ಇದೇ ಮಿತಿ ಬದಲಾವಣೆ ಶುಲ್ಕಕ್ಕೂ ಇರುತ್ತೆ ಅಂತ ಮಾತ್ರ ನಂಬಿಕೊಂಡು ಕೂರಬೇಡಿ.

ಲೆಕ್ಕ ನೋಡಿ. ಟಿಕೆಟ್ 3,200. ಅದರಲ್ಲಿ ಮೂಲ ದರ, ಇಂಧನ ಸೇರಿ 2,200, ಉಳಿದ 1,000 ತೆರಿಗೆ ಮತ್ತು ನಿಲ್ದಾಣದ ಶುಲ್ಕ. ಹೊಸ ದಿನದ ದರ 3,400. ಬದಲಿಸಿದ್ರೆ ಶುಲ್ಕ 3,000, ವ್ಯತ್ಯಾಸ 200, ಒಟ್ಟು 3,200. ಅಂದ್ರೆ ಇನ್ನೊಂದು ಟಿಕೆಟ್‌ನಷ್ಟೇ ಹಣ! ರದ್ದು ಮಾಡಿದ್ರೆ, ಪಟ್ಟಿಯಲ್ಲಿ ರದ್ದತಿ ಶುಲ್ಕ 3,500 ಅಂತ ಇದ್ರೂ, ಹಿಡಿಯೋಕೆ ಆಗೋದು 2,200 ಮಾತ್ರ. 1,000 ವಾಪಸ್ ಬರುತ್ತೆ. ಹೊಸ ಟಿಕೆಟ್‌ಗೆ 3,400, ಫೀ 350, ಒಟ್ಟು 3,750. ಸಾವಿರ ಕಳೆದ್ರೆ 2,750. ತಲೆಗೆ 450 ರೂಪಾಯಿ ಉಳಿತಾಯ.

ಶುಲ್ಕದ ಪಟ್ಟಿ ಮಾತ್ರ ನೋಡಿದವರಿಗೆ ರದ್ದತಿ ಯಾವಾಗಲೂ ದುಬಾರಿಯಾಗೇ ಕಾಣುತ್ತೆ. ಅದಕ್ಕೇ ಟಿಕೆಟ್‌ನ ದರದ ವಿವರ ತೆರೆದು, ಮೂಲ ದರ, ಇಂಧನ ಸರ್‌ಚಾರ್ಜ್ ಸೇರಿ ಎಷ್ಟು ಅಂತ ನೋಡಿ. ಅದು ಬದಲಾವಣೆ ಶುಲ್ಕಕ್ಕಿಂತ ಕಮ್ಮಿ ಇದ್ರೆ, ರದ್ದು ಮಾಡೋ ಲೆಕ್ಕವನ್ನೂ ಮಾಡದೆ ಮುಂದೆ ಹೋಗಬೇಡಿ.

[ಪರದೆಯಲ್ಲಿ: ಒಂದೇ ಫ್ಲೈಟ್. ಒಬ್ಬರಿಗೆ ಹುಡುಕಿದಾಗ ₹6,900. ಇಬ್ಬರಿಗೆ ಹುಡುಕಿದಾಗ ತಲಾ ₹7,600]

ಮತ್ತೆ ಅಪ್ಪ ಅಮ್ಮನ ಟಿಕೆಟ್‌ಗೆ ಬರೋಣ. ಹುಡುಕಿದಾಗ 6,900 ಇದ್ದ ಭಾನುವಾರದ ದರ, ಬದಲಿಸೋ ಪುಟಕ್ಕೆ ಹೋದ ತಕ್ಷಣ 7,600 ಆಗಿಬಿಟ್ಟಿದೆ. ಆ್ಯಪ್ ನಮ್ಮನ್ನು ನೋಡಿ ರೇಟ್ ಏರಿಸ್ತು ಅಂತ ಬೈದುಕೊಳ್ಳೋರು ತುಂಬ ಜನ. ಕಾರಣ ಬೇರೆ ಇರಬಹುದು. ಒಂದೇ ವಿಮಾನದ ಎಕಾನಮಿ ಸೀಟುಗಳನ್ನು ಏರ್‌ಲೈನ್‌ಗಳು ಹಲವು ದರದ ಹಂತಗಳಾಗಿ ಮಾರುತ್ತವೆ. ಪ್ರತಿ ಹಂತದಲ್ಲಿ ಇಂತಿಷ್ಟೇ ಸೀಟು. 6,900ರ ಹಂತದಲ್ಲಿ ಒಂದೇ ಸೀಟು ಉಳಿದಿದ್ದು, ನೀವು ಇಬ್ಬರಿಗೆ ಕೇಳಿದ್ರೆ, ವ್ಯವಸ್ಥೆ ಇಬ್ಬರಿಗೂ ಸೀಟಿರೋ ಮೇಲಿನ ಹಂತಕ್ಕೆ ಹೋಗಿ ಇಬ್ಬರಿಗೂ 7,600 ಹಾಕುತ್ತೆ.

ಇದನ್ನು ಪತ್ತೆ ಹಚ್ಚೋದು ಸುಲಭ. ಹೊಸ ಬುಕಿಂಗ್ ಪುಟದಲ್ಲಿ ಅದೇ ಫ್ಲೈಟನ್ನು ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ ಹುಡುಕಿ. ತಲಾ ದರ ಬೇರೆ ಬಂದ್ರೆ ಇದೇ ಕಾರಣ. ಇಬ್ಬರನ್ನೂ ಒಟ್ಟಿಗೆ ಬದಲಿಸಿದ್ರೆ ತಲಾ 2,200 ವ್ಯತ್ಯಾಸ, 3,000 ಶುಲ್ಕ, ಒಟ್ಟು 10,400. ಏರ್‌ಲೈನ್‌ಗೆ ಫೋನ್ ಮಾಡಿ ಒಂದೇ ಪಿಎನ್‌ಆರ್‌ನಲ್ಲಿರೋ ಇಬ್ಬರನ್ನು ಬೇರೆ ಮಾಡಿಸಿ, ಒಬ್ಬೊಬ್ಬರದ್ದೇ ಬದಲಿಸಿದ್ರೆ 4,500 ಮತ್ತು 5,200, ಒಟ್ಟು 9,700. ಆದ್ರೆ ವಯಸ್ಸಾದವರು ಜೊತೆಗಿದ್ರೆ ಈ 700 ರೂಪಾಯಿಗೆ ನಾನು ಹೋಗಲ್ಲ. ಪಿಎನ್‌ಆರ್ ಬೇರೆ ಆದ ಮೇಲೆ ಮುಂದೆ ಏನೇ ತೊಂದರೆ ಆದ್ರೂ ವಿಮಾನಯಾನ ಸಂಸ್ಥೆಗೆ ಅವರಿಬ್ಬರು ಸಂಬಂಧವಿಲ್ಲದ ಇಬ್ಬರು ಪ್ರಯಾಣಿಕರು. ಒಬ್ಬರಿಗೆ ಒಂದು ಫ್ಲೈಟ್, ಇನ್ನೊಬ್ಬರಿಗೆ ಇನ್ನೊಂದು ಆಗಿಬಿಡಬಹುದು.

ಟ್ರಾವೆಲ್ ಸೈಟ್ ಮೂಲಕ ಕೊಂಡವರಿಗೆ ಎರಡು ಮಾತು. ಅವರು ಏರ್‌ಲೈನ್ ಶುಲ್ಕದ ಮೇಲೆ ತಮ್ಮ ಸೇವಾ ಶುಲ್ಕವನ್ನೂ ಸೇರಿಸಬಹುದು, ಅದು ಬೇರೆ ಸಾಲಿನಲ್ಲಿರುತ್ತೆ. ಮತ್ತೆ, ನೀವು ಕೂಪನ್ ಹಾಕಿ 5,400ರ ಟಿಕೆಟನ್ನು 4,900ಕ್ಕೆ ಕೊಂಡಿದ್ರೂ, ದರ ವ್ಯತ್ಯಾಸ ಲೆಕ್ಕ ಹಾಕೋದು ಏರ್‌ಲೈನ್‌ನ ದರದ ಮೇಲೆ. ವಾಪಸ್ ಬರೋ ಹಣದಲ್ಲಿ ಮಾತ್ರ ಆ ರಿಯಾಯಿತಿ ಕಳೆದುಹೋಗಬಹುದು. ಹಾಗಾಗಿ ಎಷ್ಟು ವಾಪಸ್ ಬರುತ್ತೆ ಅನ್ನೋದನ್ನು ಮನಸ್ಸಿನಲ್ಲೇ ಲೆಕ್ಕ ಹಾಕದೆ, ರದ್ದತಿಯ ಕೊನೆ ಖಚಿತ ಪುಟದಲ್ಲಿ ತೋರಿಸೋ ಮೊತ್ತವನ್ನೇ ತಗೊಳ್ಳಿ. ಆ ಪುಟ ನೋಡಿ ವಾಪಸ್ ಬಂದ್ರೆ ಟಿಕೆಟ್‌ಗೆ ಏನೂ ಆಗಲ್ಲ. ಒಪ್ಪಿಗೆ ಕೊಡೋ ಕೊನೆ ಬಟನ್ ಒತ್ತದಿದ್ರೆ ಆಯ್ತು.

ರದ್ದು ಮಾಡೋದೇ ಅಗ್ಗ ಅಂತ ಬಂದ್ರೆ, ಮೊದಲು ಹೊಸ ಟಿಕೆಟ್ ಕೊಳ್ಳಿ, ಪಿಎನ್‌ಆರ್ ಕೈಗೆ ಬಂದ ಮೇಲೆ ಹಳೇದನ್ನು ರದ್ದು ಮಾಡಿ. ಉಲ್ಟಾ ಮಾಡಿದ್ರೆ, ನಡುವೆ ಆ ಸೀಟು ಹೋಗಿ ದರ ಏರಿದಾಗ ಹಾಕಿದ ಲೆಕ್ಕವೆಲ್ಲ ಸುಳ್ಳಾಗುತ್ತೆ. ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ, ಅಂದ್ರೆ ಮುಂದಿನ ಟಿಕೆಟ್‌ಗೆ ಅಂತ ಏರ್‌ಲೈನ್ ಹತ್ರವೇ ಜಮಾ ಇಡಬೇಕೋ ವಾಪಸ್ ಬೇಕೋ ಅನ್ನೋದು ನಿಮ್ಮ ಆಯ್ಕೆ, ಏರ್‌ಲೈನ್ ತಾನೇ ತೀರ್ಮಾನಿಸೋ ಹಾಗಿಲ್ಲ. ಶೆಲ್‌ನಲ್ಲಿ ಇಟ್ಟ ಹಣ ಅದೇ ಏರ್‌ಲೈನ್‌ನಲ್ಲೇ ಖರ್ಚಾಗಬೇಕು.

[ಪರದೆಯಲ್ಲಿ: ಕ್ಯಾಲೆಂಡರ್. ಶುಕ್ರವಾರದ ಸುತ್ತ ಗುರುತು.]

ಯಾವಾಗ ಬದಲಿಸ್ತೀರಿ ಅನ್ನೋದೂ ಮೊತ್ತವನ್ನು ಬದಲಿಸುತ್ತೆ. ಹೊರಡೋಕೆ ಇನ್ನೂ ಎಷ್ಟು ದಿನ ಇದೆ ಅನ್ನೋದರ ಮೇಲೆ ಶುಲ್ಕ ಏರಿಳಿಯೋ ಏರ್‌ಲೈನ್‌ಗಳಿವೆ, ಕೊನೆ ಕೆಲವು ದಿನಕ್ಕೆ ಹೆಚ್ಚು. ದರ ವ್ಯತ್ಯಾಸವೂ ಅಷ್ಟೇ, ಅಗ್ಗದ ಹಂತದ ಸೀಟು ಮುಗೀತಾ ಹೋದ ಹಾಗೆ ಬೆಳೆಯುತ್ತೆ. ಕಾಯೋಕೆ ಒಂದೇ ಒಂದು ಒಳ್ಳೇ ಕಾರಣ ಇದೆ. ಏರ್‌ಲೈನ್ ತಾನೇ ನಿಮ್ಮ ಫ್ಲೈಟ್ ರದ್ದು ಮಾಡಿದ್ರೆ ಶುಲ್ಕವಿಲ್ಲದೆ ಬೇರೆ ಫ್ಲೈಟ್ ಅಥವಾ ಪೂರ್ತಿ ಹಣ ಕೇಳಬಹುದು. ಸಮಯ ತುಂಬ ಬದಲಿಸಿದಾಗಲೂ ಹಲವು ಏರ್‌ಲೈನ್‌ಗಳು ಉಚಿತ ಬದಲಾವಣೆ ಕೊಡುತ್ತವೆ. ಹಾಗಾಗಿ ಹಣ ಕಟ್ಟೋ ಮುಂಚೆ ನಿಮ್ಮ ಮೇಲ್, ಎಸ್‌ಎಂಎಸ್ ತೆಗೆದು, ಸಮಯ ಬದಲಾಗಿದೆ ಅನ್ನೋ ಸಂದೇಶ ಬಂದಿದೆಯಾ ನೋಡಿ.

ಈಗಷ್ಟೇ ಬುಕ್ ಮಾಡಿ ದಿನಾಂಕ ತಪ್ಪಾಗಿದೆ ಅಂತ ಗೊತ್ತಾದವರಿಗೆ ಡಿಜಿಸಿಎ ನಿಯಮದಲ್ಲೇ ಒಂದು ಅವಕಾಶ ಇದೆ. ಏರ್‌ಲೈನ್‌ನ ಸ್ವಂತ ವೆಬ್‌ಸೈಟ್‌ನಲ್ಲಿ, ಪ್ರಯಾಣಕ್ಕೆ ಸಾಕಷ್ಟು ಮುಂಚೆ ಕೊಂಡಿದ್ರೆ, ಬುಕ್ ಮಾಡಿದ ಮೊದಲ 48 ಗಂಟೆಯೊಳಗೆ ಶುಲ್ಕ ಇಲ್ಲದೆ ಬದಲಿಸಬಹುದು, ರದ್ದೂ ಮಾಡಬಹುದು. ಆಗಲೂ ಮನ್ನಾ ಆಗೋದು ಶುಲ್ಕ ಮಾತ್ರ. ಹೊಸ ಫ್ಲೈಟ್‌ನ ದರ ಏರಿದ್ರೆ ಆ ವ್ಯತ್ಯಾಸ ಕಟ್ಟಲೇಬೇಕು. ಈ ಅವಧಿಯಲ್ಲಿ ರದ್ದು ಮಾಡಿದ್ರೂ ಶುಲ್ಕವಿಲ್ಲದಿರೋದರಿಂದ, ದರ ಇಳಿದಿದ್ರೆ ಬದಲಿಸಬೇಡಿ, ರದ್ದು ಮಾಡಿ ಇಳಿದ ದರಕ್ಕೆ ಹೊಸದಾಗಿ ಕೊಳ್ಳಿ.

ಕೊನೆಯದಾಗಿ ಸಮಯದ ಗಡಿ. ಹೊರಡೋಕೆ ಇಂತಿಷ್ಟು ಗಂಟೆ ಮುಂಚೆ ಬದಲಾವಣೆ ಮುಚ್ಚಿಹೋಗುತ್ತೆ. ಅದು ಏರ್‌ಲೈನ್‌ನಿಂದ ಏರ್‌ಲೈನ್‌ಗೆ ಬೇರೆ, ನಿಮ್ಮ ಟಿಕೆಟ್‌ನ ದರ ನಿಯಮದಲ್ಲಿ ಬರೆದಿರುತ್ತೆ. ಅದು ದಾಟಿ ಹೋಗಿ, ಫ್ಲೈಟ್ ಹತ್ತದೇ ಉಳಿದ್ರೆ ನೋ-ಶೋ. ಆಗ ಸಾಮಾನ್ಯವಾಗಿ ಬದಲಿಸೋ ದಾರಿಯೂ ಇಲ್ಲ, ಮೂಲ ದರವೂ ಹೋಯ್ತು. ಆದ್ರೂ ಆ ತೆರಿಗೆ ಮತ್ತು ನಿಲ್ದಾಣ ಶುಲ್ಕದ ಹಣ ನಿಮ್ಮದೇ. ನಮ್ಮ ಅಗ್ಗದ ಟಿಕೆಟ್‌ನ ಉದಾಹರಣೆಯಲ್ಲಿ ಅದು ತಲೆಗೆ ಸಾವಿರ ರೂಪಾಯಿ. ತಾನಾಗೇ ಬರದಿದ್ರೆ, ಏರ್‌ಲೈನ್‌ಗೆ ಪಿಎನ್‌ಆರ್ ಹಾಕಿ, ತೆರಿಗೆ ಮತ್ತು ಶುಲ್ಕ ಮರುಪಾವತಿ ಮಾಡಿ ಅಂತ ಒಂದು ಮೇಲ್ ಕಳಿಸಿ ಕೇಳಿ.